ಇಪ್ಪತ್ಮೂರು ಕೆಂಪು ಸಾಲು: ಕುಮಟಾದ ಒಂದು ಕಟ್ಟಡ ಆಫೀಸಿನ ಡ್ಯಾಶ್‌ಬೋರ್ಡ್ ಕತೆ

ನಮ್ಮ ಆಫೀಸು ಕುಮಟಾದಲ್ಲಿದೆ. ಮನೆ, ಲಾಡ್ಜು, ಗೋದಾಮು ಕಟ್ಟಿಕೊಡುವ ಸಣ್ಣ ಸಂಸ್ಥೆ. ನಾನು ಅಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಯಾವ ಕೆಲಸ ಯಾವತ್ತು, ಯಾರು, ಎಷ್ಟು ದಿನ ಅನ್ನುವ ಲೆಕ್ಕ ನನ್ನದು.

ಆ ವರ್ಷ ಏಪ್ರಿಲ್‌ನಲ್ಲಿ ಮೂರು ಸೈಟು ಒಟ್ಟಿಗೇ ನಡೀತಿದ್ದವು. ಗೋಕರ್ಣದ ಹತ್ತಿರ ಎಂಟು ಕೋಣೆಗಳ ಒಂದು ಗೆಸ್ಟ್‌ಹೌಸ್, ಅಂಕೋಲಾದಲ್ಲಿ ಒಂದು ಮನೆ, ಶಿರಸಿಯಲ್ಲಿ ಅಡಿಕೆ ಇಡುವ ಗೋದಾಮು ಮತ್ತು ಅದರ ಕಂಪೌಂಡು. ಮೂರಕ್ಕೂ ಒಬ್ಬರೇ ಪ್ರಾಜೆಕ್ಟ್ ಮ್ಯಾನೇಜರ್. ನಮ್ಮ ಕರಾವಳಿಯಲ್ಲಿ ಕಟ್ಟಡದ ಕೆಲಸಕ್ಕೆ ನಿಜವಾದ ಗಡುವು ಅಂದರೆ ಮಳೆ. ಜೂನ್ ಮೊದಲ ವಾರ ಅದು ಹಿಡಿದುಕೊಂಡರೆ ಹೊರಗಿನ ಪ್ಲಾಸ್ಟರಿಗೆ ಮತ್ತೆ ದಾರಿಯಿಲ್ಲ. ಅಷ್ಟರೊಳಗೆ ಛಾವಣಿ, ಹೊರಗೋಡೆ ಮುಗಿಯಲೇಬೇಕು. ಒಳಗಿನದನ್ನು ಮಳೆಯಲ್ಲೂ ಮಾಡಬಹುದು, ಆದರೆ ಗೋಡೆ ಒಣಗೋದು ನಿಧಾನ.

ಮ್ಯಾನೇಜರ್ ಒಂದು ದಿನ ನನ್ನನ್ನು ಕರೆದು ಹೇಳಿದರು: "ನಾನು ದಿನಾ ಮೂವತ್ತು ಫೋನು ಮಾಡ್ತೇನೆ. ಆದ್ರೂ ಯಾವುದು ಎಲ್ಲಿ ನಿಂತಿದೆ ಅಂತ ಗೊತ್ತಾಗೂದಿಲ್ಲ. ಒಂದೇ ಕಡೆ ಕಾಣೋ ಹಾಗೆ ಮಾಡಿಕೊಡು." ಅವರಿಗೆ ಬೇಕಾಗಿದ್ದು ಮೂರೇ ವಿಷಯ. ಗಡುವು ದಾಟಿದ ಕೆಲಸ ಯಾವುವು, ಯಾರ ಮೇಲೆ ಎಷ್ಟು ಹೊರೆ ಇದೆ, ಯಾವ ಕೆಲಸ ಸಿಕ್ಕಿಕೊಂಡು ನಿಂತಿದೆ. ನಾನು ಗೂಗಲ್ ಶೀಟಿನಲ್ಲಿ ಕೂತು ಎರಡು ದಿನದಲ್ಲಿ ಮಾಡಿದೆ. ಆ ಮೊದಲ ಡ್ಯಾಶ್‌ಬೋರ್ಡು ಒಬ್ಬ ಒಳ್ಳೆಯ ಮನುಷ್ಯನಿಗೆ ಅನ್ಯಾಯ ಮಾಡಿತು. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲ ಸೋಮವಾರ

ಏಪ್ರಿಲ್ 22, ಸೋಮವಾರದ ಮೀಟಿಂಗು. ಗೋಡೆಯ ಟಿವಿಯಲ್ಲಿ ನನ್ನ ಡ್ಯಾಶ್‌ಬೋರ್ಡು. ಮೇಲೆ ದೊಡ್ಡದಾಗಿ ಎರಡು ಸಂಖ್ಯೆ: ಮುಗಿಯದ ಕೆಲಸ 61, ಗಡುವು ದಾಟಿದ್ದು 23. ಕೆಳಗೆ ಒಬ್ಬೊಬ್ಬರ ಹೆಸರಿನ ಎದುರು ಕೆಂಪು ಪಟ್ಟಿ. ಗೋಕರ್ಣದ ಸೈಟ್ ಇಂಜಿನಿಯರ್ ಹೆಸರಿನ ಎದುರು 9. ಆಫೀಸಿನಲ್ಲಿ ಆಟೋಕ್ಯಾಡ್ ಡ್ರಾಯಿಂಗ್ ಮಾಡುವ ಹುಡುಗಿಯ ಎದುರು 1. ಎಲೆಕ್ಟ್ರಿಕಲ್ ಸೂಪರ್‌ವೈಸರ್ ಎದುರೂ 1. ಉಳಿದದ್ದು ಬೇರೆಯವರದು.

ಎಲ್ಲರ ಕಣ್ಣೂ ಒಂಬತ್ತರ ಮೇಲೆ ಹೋಯಿತು. ಮ್ಯಾನೇಜರ್ ಕೇಳಿದರು, "ಏನು ತಮ್ಮಾ, ಒಂಬತ್ತು?" ಆ ಇಂಜಿನಿಯರ್ ಏನೋ ಹೇಳಲು ಹೋದರು. ಒಂದೊಂದಕ್ಕೂ ಒಂದೊಂದು ಕತೆ ಹೇಳುವಷ್ಟು ಹೊತ್ತು ಆ ಮೀಟಿಂಗಿನಲ್ಲಿ ಇರಲಿಲ್ಲ. "ಮಾಡಿಸ್ತೇನೆ ಸರ್" ಅಂದು ಸುಮ್ಮನಾದರು.

ಮುಂದಿನ ಸೋಮವಾರಕ್ಕೆ 23 ಇದ್ದದ್ದು 12ಕ್ಕೆ ಇಳಿದಿತ್ತು. ಮ್ಯಾನೇಜರಿಗೆ ಖುಷಿ. ನನಗೆ ಮಾತ್ರ ಸಂಶಯ. ಆ ವಾರ ನನ್ನ ಲೆಕ್ಕದಲ್ಲಿ ಮುಗಿದದ್ದು ಮೂರೇ ಕೆಲಸ. ಉಳಿದ ಎಂಟು ಎಲ್ಲಿ ಹೋದವು? ಶೀಟಿನ ಹಳೆಯ ಪ್ರತಿ ತೆರೆದು ನೋಡಿದೆ. ಗೂಗಲ್ ಶೀಟಿನ File ಮೆನುವಿನಲ್ಲಿ Version history ಇರುತ್ತದೆ, ಯಾರು ಯಾವಾಗ ಏನು ಬದಲಿಸಿದರು ಅಂತ ಅದರಲ್ಲಿ ಸಿಗುತ್ತದೆ. ಎಂಟೂ ಕೆಲಸದ ಗಡುವನ್ನು ಮುಂದಕ್ಕೆ ಹಾಕಲಾಗಿತ್ತು. ಹದಿನೈದು ದಿನ ಮುಂದಕ್ಕೆ.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಎಲ್ಲರೆದುರು ತಲೆ ತಗ್ಗಿಸುವಂತೆ ಮಾಡುವ ಸಂಖ್ಯೆಯನ್ನು ಕಡಿಮೆ ಮಾಡಲು ಇದ್ದ ಒಂದೇ ಸುಲಭ ದಾರಿಯನ್ನು ನಾನೇ ತೆರೆದಿಟ್ಟಿದ್ದೆ. ಗಡುವಿನ ಕಾಲಂ ಒಂದೇ ಇತ್ತು, ಅದನ್ನು ಯಾರು ಬೇಕಾದರೂ ತಿದ್ದಬಹುದಿತ್ತು. ತಿದ್ದಿದರೆ ಹಳೆಯದು ಅಳಿಸಿಹೋಗುತ್ತಿತ್ತು.

ಒಂದೊಂದೇ ಸಾಲು ಕೈಯಲ್ಲಿ ಹಿಡಿದು

ಆ ದಿನ ಮಧ್ಯಾಹ್ನ ಊಟವಾದ ಮೇಲೆ ಮ್ಯಾನೇಜರ್, ಆ ಸೈಟ್ ಇಂಜಿನಿಯರ್ ಮತ್ತು ನಾನು ಕೂತೆವು. ಏಪ್ರಿಲ್ 22ರ ಪ್ರತಿಯನ್ನು ಪ್ರಿಂಟ್ ತೆಗೆದು ಇಪ್ಪತ್ಮೂರೂ ಸಾಲನ್ನು ಒಂದೊಂದಾಗಿ ಓದಿದೆವು. ಸಂಬಂಧಪಟ್ಟವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆವು: "ಆ ಸೋಮವಾರ ನಿಮ್ಮ ಹತ್ತಿರ ಆಳು, ಹೊತ್ತು ಎರಡೂ ಇದ್ದಿದ್ರೆ ಈ ಕೆಲಸ ಶುರು ಮಾಡಬಹುದಿತ್ತಾ?"

ಮೂರು ತಾಸು ಹಿಡಿಯಿತು. ನಾಲ್ಕು ಕೆಲಸ ಆಗಲೇ ಮುಗಿದಿದ್ದವು, ಶೀಟಿನಲ್ಲಿ ಯಾರೂ ಬರೆದಿರಲಿಲ್ಲ ಅಷ್ಟೆ. ಹನ್ನೊಂದು ಕೆಲಸ ನಿಜವಾಗಿ ತಡವಾಗಿದ್ದವು, ಶುರು ಮಾಡಬಹುದಿತ್ತು, ಮಾಡಿರಲಿಲ್ಲ. ಉಳಿದ ಎಂಟಕ್ಕೆ ಉತ್ತರ "ಇಲ್ಲ" ಅಂತ ಬಂತು. ಆಳಿದ್ದರೂ ಹೊತ್ತಿದ್ದರೂ ಅವು ಶುರುವಾಗುವಂತಿರಲಿಲ್ಲ. ಬೇರೆ ಯಾರಿಂದಲೋ ಏನೋ ಬರಬೇಕಿತ್ತು.

ಸೈಟ್ ಇಂಜಿನಿಯರ್ ಅವರ ಒಂಬತ್ತರಲ್ಲಿ ಎರಡು ಮುಗಿದಿದ್ದವು, ಐದು ಸಿಕ್ಕಿಕೊಂಡಿದ್ದವು. ನಿಜವಾಗಿ ಅವರ ತಪ್ಪಿನಿಂದ ತಡವಾದದ್ದು ಎರಡು. ಎಲ್ಲರೆದುರು ಒಂಬತ್ತಕ್ಕೆ ಉತ್ತರ ಕೊಟ್ಟ ಮನುಷ್ಯನ ಪಾಲು ಎರಡೇ ಆಗಿತ್ತು.

ಇನ್ನು ಆ ಎಂಟು. ಒಂದು, ಶಿರಸಿ ಕಂಪೌಂಡಿಗೆ ಬರಬೇಕಾದ ಚಿರೆಕಲ್ಲಿನ ಲೋಡು. ಇನ್ನೊಂದು, ಅಂಕೋಲಾ ಮನೆಯ ಕಿಟಕಿ ಗ್ರಿಲ್ಲು, ವೆಲ್ಡಿಂಗ್ ಅಂಗಡಿಯಲ್ಲಿ ನಿಂತಿತ್ತು. ಉಳಿದ ಆರೂ ಗೋಕರ್ಣದ ಗೆಸ್ಟ್‌ಹೌಸಿನವು. ಅವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆರೂ ಒಂದೇ ದಾರಕ್ಕೆ ಪೋಣಿಸಿದ ಹಾಗಿದ್ದವು.

ಒಳಗೋಡೆಯ ಪ್ಲಾಸ್ಟರ್ ಆಗಿರಲಿಲ್ಲ, ಯಾಕೆಂದರೆ ಗೋಡೆಯೊಳಗೆ ವೈರಿನ ಪೈಪು ಕೂತಿರಲಿಲ್ಲ. ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಆಗಿರಲಿಲ್ಲ, ಯಾಕೆಂದರೆ ನೀರಿನ ಪೈಪು ಹಾಕಿರಲಿಲ್ಲ. ಎರಡೂ ಪೈಪು ಹಾಕಲು ಮೊದಲು ಗೋಡೆ ಕೊರೆಯಬೇಕು. ಎಲ್ಲಿ ಕೊರೆಯಬೇಕು ಅನ್ನುವುದು ತಿದ್ದಿದ ಡ್ರಾಯಿಂಗಿನಲ್ಲಿ ಬರಬೇಕಿತ್ತು. ಕೊರೆಯುವುದು, ಎರಡು ಬಗೆಯ ಪೈಪು, ಪ್ಲಾಸ್ಟರ್, ವಾಟರ್‌ಪ್ರೂಫಿಂಗ್: ಐದು ಕೆಲಸ, ಎಲ್ಲಕ್ಕೂ ಮುಂದೆ ಆ ಡ್ರಾಯಿಂಗು. ಅದು ಆಟೋಕ್ಯಾಡ್ ಹುಡುಗಿಯ ಹೆಸರಿನ ಎದುರಿದ್ದ ಆ ಒಂದೇ ಕೆಂಪು ಸಾಲು. ಗಡುವು ದಾಟಿ ಹದಿನಾರು ದಿನವಾಗಿತ್ತು. ನನ್ನ ಡ್ಯಾಶ್‌ಬೋರ್ಡಿನಲ್ಲಿ ಚೆನ್ನಾಗಿ ನಡೀತಿರುವವರ ಪೈಕಿ ಆಕೆಯೂ ಒಬ್ಬಳಾಗಿ ಕಾಣುತ್ತಿದ್ದಳು. ಸಂಖ್ಯೆ ಒಂದೇ ಅಲ್ವಾ.

ಆಕೆಯನ್ನು ಕೇಳಿದೆವು. ಆಕೆಯೂ ಕಾಯುತ್ತಿದ್ದಳು. ಬಿಸಿನೀರು ಹೇಗೆ ಕೊಡಬೇಕು ಅಂತ ಮಾಲೀಕರು ಹೇಳಿರಲಿಲ್ಲ. ಮಾಡಿನ ಮೇಲೆ ಒಂದೇ ದೊಡ್ಡ ಸೋಲಾರ್ ಟ್ಯಾಂಕು ಇಟ್ಟರೆ ಅಲ್ಲಿಂದ ಎಂಟೂ ಬಾತ್‌ರೂಮಿಗೆ ಬಿಸಿನೀರಿನ ಪೈಪು ಇಳಿಸಬೇಕು. 500 ಲೀಟರಿನ ಟ್ಯಾಂಕಾದರೆ ನೀರೇ ಅರ್ಧ ಟನ್ ತೂಗುತ್ತದೆ, ಸ್ಲ್ಯಾಬಿನ ಮೇಲೆ ಎಲ್ಲಿ ಕೂರಿಸಬೇಕು ಅಂತಲೂ ನೋಡಬೇಕು. ಅದು ಬೇಡ, ಕೋಣೆಗೊಂದು ಗೀಸರ್ ಅಂದರೆ ಪ್ಲಂಬಿಂಗ್ ಸುಲಭ, ಆದರೆ ಪ್ರತಿ ಬಾತ್‌ರೂಮಿಗೂ ದಪ್ಪ ವೈರು, ಬೇರೆ ಸ್ವಿಚ್ಚು. ಒಂದೊಂದು 2 ಕಿಲೋವ್ಯಾಟ್‌ನದ್ದಾದರೆ ಎಂಟೂ ಒಟ್ಟಿಗೆ ಹಚ್ಚಿದಾಗ 16 ಕಿಲೋವ್ಯಾಟ್. ಈ ಒಂದು ತೀರ್ಮಾನ ಬಾರದೆ ಪ್ಲಂಬರಿಗೂ ಎಲೆಕ್ಟ್ರಿಷಿಯನ್ನಿಗೂ ಗೋಡೆ ಕೊರೆಯುವ ಜಾಗ ಗೊತ್ತಾಗುವುದಿಲ್ಲ.

ಮಾಲೀಕರು ಮುಂಬೈಯಲ್ಲಿರುತ್ತಾರೆ. ಅವರ ಜೊತೆ ಮಾತಾಡುವುದು ನಮ್ಮಲ್ಲಿ ಒಬ್ಬರೇ, ಮ್ಯಾನೇಜರ್.

ಅವರು ಫೋನ್ ತೆಗೆದು ವಾಟ್ಸಾಪ್ ನೋಡಿದರು. ಏಪ್ರಿಲ್ 3ಕ್ಕೆ ಕಳಿಸಿದ್ದು: "ಸರ್, ಸೋಲಾರ್ ವಿಷಯ ಒಮ್ಮೆ ನೋಡಿ ಹೇಳಿ." ಎರಡು ನೀಲಿ ಗೆರೆ ಬಿದ್ದಿತ್ತು. ಉತ್ತರ ಇರಲಿಲ್ಲ. ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಅವರೂ ಮತ್ತೆ ಕೇಳಿರಲಿಲ್ಲ. ಆರು ಕೆಲಸ ನಿಂತದ್ದು ಅಲ್ಲಿ. ಮ್ಯಾನೇಜರ್ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಸೈಟ್ ಇಂಜಿನಿಯರ್ ಕಡೆ ತಿರುಗಿ, "ತಪ್ಪು ನಂದು ಮಾರಾಯ. ಮೊನ್ನೆ ಎಲ್ಲರ ಎದುರಿಗೆ ನಿನ್ನನ್ನ ಕೇಳಬಾರದಿತ್ತು" ಅಂದರು. ಆ ಮಾತನ್ನು ಅವರು ಮುಂದಿನ ಮೀಟಿಂಗಿನಲ್ಲೂ ಹೇಳಿದರು. ಅದಕ್ಕಾಗಿ ನನಗೆ ಅವರ ಮೇಲೆ ಇವತ್ತಿಗೂ ಗೌರವ.

ಅವತ್ತೇ ಸಂಜೆ ಮುಂಬೈಗೆ ಫೋನ್ ಮಾಡಿದರು. ಈ ಸಲ "ನೋಡಿ ಹೇಳಿ" ಅನ್ನಲಿಲ್ಲ. ಎರಡೇ ಆಯ್ಕೆ ಇಟ್ಟರು, ಎರಡರ ಖರ್ಚು ಹೇಳಿದರು, ಗುರುವಾರದೊಳಗೆ ತಿಳಿಸದಿದ್ದರೆ ಒಳಪ್ಲಾಸ್ಟರ್ ಮಳೆಗಾಲಕ್ಕೆ ಬೀಳುತ್ತದೆ ಅಂತಲೂ ಹೇಳಿದರು. ಬುಧವಾರ ಸಂಜೆ ಉತ್ತರ ಬಂತು: ಸೋಲಾರ್ ಇರಲಿ, ಕೆಳಗಿನ ಎರಡು ಕೋಣೆಗೆ ಮಾತ್ರ ಗೀಸರಿನ ಜಾಗವೂ ಇರಲಿ. ಡ್ರಾಯಿಂಗಿಗೆ ಹಿಡಿದದ್ದು ಎರಡು ದಿನ.

ಶೀಟನ್ನು ಹೊಸದಾಗಿ ಕಟ್ಟಿದ್ದು

ಆ ಮಧ್ಯಾಹ್ನದ ಮೇಲೆ ಹಳೆಯ ಡ್ಯಾಶ್‌ಬೋರ್ಡನ್ನು ಪೂರ್ತಿ ತೆಗೆದೆ. ಬಣ್ಣದ ಚಾರ್ಟುಗಳನ್ನೂ ತೆಗೆದೆ. ಮ್ಯಾನೇಜರ್ ಇದನ್ನು ನೋಡುವುದು ಜೀಪಿನಲ್ಲಿ, ಫೋನಿನಲ್ಲಿ. ದೇವಿಮನೆ ಘಟ್ಟ ಹತ್ತುವಾಗ ಸಿಗ್ನಲ್ ಬರುವುದು ಹೋಗುವುದು ನಡೆದೇ ಇರುತ್ತದೆ. ಅವರಿಗೆ ಬೇಕಾದ್ದು ಹತ್ತು ಸಾಲು ಅಕ್ಷರ.

ಕೆಲಸಗಳೆಲ್ಲ "ಕೆಲಸ" ಅನ್ನುವ ಒಂದೇ ಹಾಳೆಯಲ್ಲಿ. ಒಂದು ಕೆಲಸಕ್ಕೆ ಒಂದು ಸಾಲು. ಕಾಲಂಗಳು ಹೀಗೆ: A ಸಂಖ್ಯೆ, B ಕೆಲಸ, C ಸೈಟು, D ಹೊಣೆ, E ಮೊದಲ ಗಡುವು, F ಈಗಿನ ಗಡುವು, G ಹೊಣೆ ಹೊತ್ತವರಿಂದ ಇನ್ನು ಬೇಕಾದ ದಿನ, H ಸ್ಥಿತಿ, I ತಡೆ ಬಿಡಿಸಬೇಕಾದವರು, J ತಡೆ ಶುರುವಾದ ದಿನ, K ಮುಗಿದ ದಿನ, L ಕೊನೆಗೆ ಕೇಳಿದ ದಿನ. ಸ್ಥಿತಿಗೆ ನಾಲ್ಕೇ ಪದ, ಡ್ರಾಪ್‌ಡೌನಿನಿಂದ ಆರಿಸಬೇಕು: ಬಾಕಿ, ನಡೀತಿದೆ, ತಡೆ, ಮುಗಿದಿದೆ. ಕೈಯಲ್ಲಿ ಬರೆಯಲು ಬಿಟ್ಟರೆ ಒಬ್ಬರು "ಮುಗಿದಿದೆ" ಅಂತ, ಇನ್ನೊಬ್ಬರು "ಮುಗೀತು" ಅಂತ ಬರೆಯುತ್ತಾರೆ. ಸೂತ್ರಕ್ಕೆ ಅವೆರಡೂ ಬೇರೆ ಬೇರೆ.

E ಕಾಲಂಗೆ ಬೀಗ ಹಾಕಿದೆ. Data ಮೆನುವಿನಲ್ಲಿ Protect sheets and ranges ಅಂತ ಇದೆ, ಅದರಲ್ಲಿ ಮ್ಯಾನೇಜರಿಗೆ ಮತ್ತು ನನಗೆ ಮಾತ್ರ ಅವಕಾಶ ಕೊಟ್ಟೆ. F ಅನ್ನು ಯಾರು ಬೇಕಾದರೂ ಮುಂದಕ್ಕೆ ಹಾಕಬಹುದು. ಗಡುವು ಬದಲಾಗುವುದು ತಪ್ಪಲ್ಲ, ಕಟ್ಟಡದ ಕೆಲಸದಲ್ಲಿ ಅದು ಇದ್ದದ್ದೇ. ಆದರೆ F ಮತ್ತು E ನಡುವಿನ ಅಂತರ ಡ್ಯಾಶ್‌ಬೋರ್ಡಿನಲ್ಲಿ "+15" ಅಂತ ಪಕ್ಕದಲ್ಲೇ ಕಾಣುತ್ತದೆ.

ಮೇಲಿನ ಭಾಗದಲ್ಲಿ ಈಗ ಗಡುವು ದಾಟಿದ ಲೆಕ್ಕ ಇಲ್ಲ. ಸಿಕ್ಕಿಕೊಂಡ ಕೆಲಸದ ಲೆಕ್ಕ ಇದೆ. ಅದೂ ಯಾರ ಕೆಲಸ ನಿಂತಿದೆ ಅಂತಲ್ಲ, ಯಾರು ಬಿಡಿಸಬೇಕು ಅಂತ:

```
=QUERY('ಕೆಲಸ'!A2:L,"select I, count(A), min(J) where H='ತಡೆ' group by I order by min(J) label I 'ಬಿಡಿಸಬೇಕಾದವರು', count(A) 'ಎಷ್ಟು', min(J) 'ಎಂದಿನಿಂದ'",0)
```

ಎಲ್ಲಕ್ಕಿಂತ ಹಳೆಯ ತಡೆ ಮೇಲೆ ಬರುತ್ತದೆ. ಒಂದು ಕೆಲಸ ಇನ್ನೊಂದಕ್ಕೆ ಕಾಯುತ್ತಿದ್ದರೆ, I ಕಾಲಂನಲ್ಲಿ ಹತ್ತಿರದವರ ಹೆಸರು ಬರೆಯುವುದಿಲ್ಲ. ಸರಪಳಿಯ ತುದಿಯವರೆಗೆ ಹೋಗಿ ಅಲ್ಲಿರುವವರ ಹೆಸರು ಬರೆಯುತ್ತೇವೆ. ಪ್ಲಾಸ್ಟರ್ ಎಲೆಕ್ಟ್ರಿಷಿಯನ್ನಿಗೆ ಕಾಯುತ್ತಿದೆ ಅಂತ ಬರೆದಿದ್ದರೆ ಎಲೆಕ್ಟ್ರಿಷಿಯನ್ನಿಗೆ ಫೋನು ಹೋಗುತ್ತಿತ್ತು, ಅವನೂ ಕಾಯುತ್ತಲೇ ಇದ್ದ. ಹೊಸ ಶೀಟಿಗೆ ಏಪ್ರಿಲ್‌ನ ಮಾಹಿತಿಯನ್ನೇ ಹಾಕಿ ನೋಡಿದೆ. ಮೊದಲ ಸಾಲಿನಲ್ಲಿ ಮ್ಯಾನೇಜರ್ ಹೆಸರು, ಆರು ಕೆಲಸ, ಏಪ್ರಿಲ್ 3ರಿಂದ.

ಗಡುವು ದಾಟಿದ ಪಟ್ಟಿ ಅದರ ಕೆಳಗೆ. ಇದರಲ್ಲಿ ತಡೆ ಬಿದ್ದ ಕೆಲಸ ಬರುವುದಿಲ್ಲ:

```
=FILTER('ಕೆಲಸ'!A2:G, 'ಕೆಲಸ'!F2:F<>"", 'ಕೆಲಸ'!F2:F<TODAY(), 'ಕೆಲಸ'!H2:H<>"ಮುಗಿದಿದೆ", 'ಕೆಲಸ'!H2:H<>"ತಡೆ")
```

ಇದರಲ್ಲಿ `F2:F<>""` ಅನ್ನುವ ಭಾಗವನ್ನು ನಾನು ಮೊದಲು ಹಾಕಿರಲಿಲ್ಲ. ಆಗ ಗಡುವೇ ಬರೆಯದ ಸಾಲುಗಳೂ ಗಡುವು ದಾಟಿದ ಪಟ್ಟಿಯಲ್ಲಿ ಬಂದವು. ಖಾಲಿ ಕೋಶವನ್ನು ಶೀಟು ಇಲ್ಲಿ ಸೊನ್ನೆ ಅಂತ ಹಿಡಿಯುತ್ತದೆ, ಸೊನ್ನೆ ಇವತ್ತಿಗಿಂತ ಚಿಕ್ಕದು. ವಿಚಿತ್ರ ಅಂದರೆ ಎಣಿಕೆಗೆ ಬಳಸುವ `COUNTIFS` ಖಾಲಿ ಕೋಶವನ್ನು ಎಣಿಸುವುದಿಲ್ಲ. ಹಾಗಾಗಿ ಪಟ್ಟಿಯ ತಲೆಗೆ ಎಣಿಕೆ 12 ಅಂತ ತೋರಿಸಿ, ಕೆಳಗಿನ ಪಟ್ಟಿಯಲ್ಲಿ 15 ಸಾಲು ಬಂದಿತ್ತು. ಎಣಿಕೆ, ಪಟ್ಟಿ ಎರಡೂ ತಾಳೆಯಾಗದಿದ್ದರೆ ಮೊದಲು ಖಾಲಿ ಗಡುವು ಹುಡುಕಿ.

ಇದಕ್ಕಿಂತ ಅಪಾಯದ್ದು ಇನ್ನೊಂದು. ಅಂಕೋಲಾದ ಸೂಪರ್‌ವೈಸರ್ ತಾರೀಕನ್ನು "15.5.24" ಅಂತ ಚುಕ್ಕೆ ಇಟ್ಟು ಬರೆಯುತ್ತಿದ್ದರು, ನಾವೆಲ್ಲ ಕಾಗದದಲ್ಲಿ ಬರೆಯುವ ಹಾಗೆ. ಶೀಟಿಗೆ ಅದು ತಾರೀಕೇ ಅಲ್ಲ, ಬರೀ ಅಕ್ಷರ. ಅಂಥ ಸಾಲು ಎಂದೂ ಗಡುವು ದಾಟಿದ ಪಟ್ಟಿಗೆ ಬರುವುದಿಲ್ಲ. ಇನ್ನು ಶೀಟಿನ Locale ಅಮೆರಿಕಾ ಅಂತ ಇದ್ದರೆ 5/6 ಅಂತ ಬರೆದದ್ದು ಜೂನ್ 5 ಆಗುವುದಿಲ್ಲ, ಮೇ 6 ಆಗುತ್ತದೆ. File ಮೆನುವಿನ Settings ಒಳಗೆ Locale ಮತ್ತು Time zone ಎರಡನ್ನೂ ಭಾರತಕ್ಕೆ ಬದಲಿಸಿದೆ. E, F, J ಕಾಲಂಗಳಿಗೆ ಸರಿಯಾದ ತಾರೀಕು ಬಿಟ್ಟು ಬೇರೇನೂ ಒಪ್ಪದಂತೆ Data validation ಹಾಕಿದೆ. ಕೆಂಪು ಜಾಸ್ತಿ ಬಂದರೆ ಯಾರಾದರೂ ಜಗಳ ತೆಗೆಯುತ್ತಾರೆ, ತಪ್ಪು ಸಿಗುತ್ತದೆ. ಬರಬೇಕಾದ ಕೆಂಪು ಬಾರದಿದ್ದರೆ ಯಾರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಅಪಾಯ ಅಂದದ್ದು.

ಹೊರೆಯ ಲೆಕ್ಕ

ಮೂರನೆಯ ಭಾಗಕ್ಕೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯಿತು. ಮೊದಲು ನಾನು ಒಬ್ಬೊಬ್ಬರ ಹೆಸರಿನಲ್ಲಿ ಎಷ್ಟು ಕೆಲಸ ಇದೆ ಅಂತ ಎಣಿಸಿದ್ದೆ. ಸೈಟ್ ಇಂಜಿನಿಯರಿಗೆ 14, ಎಲೆಕ್ಟ್ರಿಕಲ್ ಸೂಪರ್‌ವೈಸರಿಗೆ 4. ನೋಡಿದವರಿಗೆ ಎಲೆಕ್ಟ್ರಿಕಲ್‌ನವರು ಆರಾಮಾಗಿ ಇದ್ದಾರೆ ಅನ್ನಿಸುತ್ತದೆ. ಆದರೆ "ಕಲ್ಲಿನ ಲೋಡಿಗೆ ಫೋನ್ ಮಾಡುವುದು" ಒಂದು ಕೆಲಸ, "ಮೇಲಂತಸ್ತಿನ ಪೂರ್ತಿ ವೈರಿಂಗ್" ಕೂಡ ಒಂದೇ ಕೆಲಸ.

ಅದಕ್ಕೆ ಎಣಿಕೆ ಬಿಟ್ಟು ದಿನದ ಲೆಕ್ಕಕ್ಕೆ ಬಂದೆ. ಗಡುವು ಆಗಲೇ ದಾಟಿದ ಅಥವಾ ಮುಂದಿನ ಎರಡು ವಾರದಲ್ಲಿರುವ, ತಡೆ ಇಲ್ಲದ ಕೆಲಸಗಳಿಗೆ ಒಟ್ಟು ಎಷ್ಟು ದಿನ ಬೇಕು ಅಂತ. ಡ್ಯಾಶ್‌ಬೋರ್ಡಿನಲ್ಲಿ A ಕಾಲಂನಲ್ಲಿ ಹೆಸರುಗಳು, ಅದರ ಪಕ್ಕ:

```
=SUMIFS('ಕೆಲಸ'!G:G,'ಕೆಲಸ'!D:D,A2,'ಕೆಲಸ'!H:H,"<>ಮುಗಿದಿದೆ",'ಕೆಲಸ'!H:H,"<>ತಡೆ",'ಕೆಲಸ'!F:F,"<="&TODAY()+13)
```

ಆ ಎರಡು ವಾರದಲ್ಲಿ ಕೆಲಸದ ದಿನ ಎಷ್ಟು ಅನ್ನುವುದಕ್ಕೆ:

```
=NETWORKDAYS.INTL(TODAY(),TODAY()+13,11)
```

ಕೊನೆಯ 11 ಅಂದರೆ ಭಾನುವಾರ ಮಾತ್ರ ರಜೆ. ಉತ್ತರ 12 ಬರುತ್ತದೆ. ಹಬ್ಬ, ರಜೆ ಇದ್ದರೆ ಅದರಲ್ಲಿ ಕಳೆಯಬೇಕು.

ಮೊದಲ ಸಲ ಹೀಗೆ ಲೆಕ್ಕ ಹಾಕಿದಾಗ ಸೈಟ್ ಇಂಜಿನಿಯರ್ ಎದುರು 27.5 ದಿನ ಅಂತ ಬಂತು. ಹನ್ನೆರಡು ದಿನದಲ್ಲಿ ಇಪ್ಪತ್ತೇಳೂವರೆ ದಿನದ ಕೆಲಸ! ಸಾಲುಗಳನ್ನು ತೆರೆದು ನೋಡಿದರೆ ಎರಡು ಸ್ಲ್ಯಾಬಿನ ಕ್ಯೂರಿಂಗ್ ಹತ್ತು ಹತ್ತು ದಿನ ಅಂತ ಬರೆದಿತ್ತು. ನಾವು ಬಳಸುವುದು ಪಿಪಿಸಿ ಸಿಮೆಂಟು. ಐಎಸ್ 456 ಅನ್ನುವ ಕಾಂಕ್ರೀಟ್ ಮಾನದಂಡದ ಪ್ರಕಾರ ಸಾದಾ ಓಪಿಸಿ ಸಿಮೆಂಟಾದರೆ ಕಡಿಮೆ ಅಂದರೂ 7 ದಿನ, ಪಿಪಿಸಿಯಂಥ ಬೆರಕೆ ಸಿಮೆಂಟಾದರೆ 10 ದಿನ ನೀರು ಕುಡಿಸಬೇಕು. ಹತ್ತು ದಿನ ಅನ್ನುವುದು ಸರಿಯೇ. ಆದರೆ ಅದು ಸ್ಲ್ಯಾಬಿನ ಹತ್ತು ದಿನ, ಇಂಜಿನಿಯರಿನದಲ್ಲ. ನೀರು ಬಿಡಲು ಆಳಿದ್ದಾನೆ. ಇಂಜಿನಿಯರ್ ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಾರೆ, ಎಲ್ಲ ಸೇರಿ ಅರ್ಧ ದಿನ. ಎರಡನ್ನೂ ಅರ್ಧ ಅರ್ಧ ಮಾಡಿದ ಮೇಲೆ 8.5 ಆಯಿತು.

ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಒಂದು ಕೆಲಸಕ್ಕೆ ಎರಡು ಅಳತೆ ಇರುತ್ತದೆ. ಅದು ಎಷ್ಟು ದಿನ ನಡೆಯುತ್ತದೆ ಅನ್ನುವುದು ಒಂದು, ಅದು ಮನುಷ್ಯನ ಎಷ್ಟು ದಿನ ತಿನ್ನುತ್ತದೆ ಅನ್ನುವುದು ಇನ್ನೊಂದು. ಗಡುವು ಇಡಲು ಮೊದಲನೆಯದು ಬೇಕು, ಹೊರೆ ನೋಡಲು ಎರಡನೆಯದು. ಎರಡನ್ನೂ ಒಂದೇ ಕಾಲಂಗೆ ಹಾಕಿದರೆ ಹೊರೆಯ ಪಟ್ಟಿ ಪೂರ್ತಿ ಕೆಡುತ್ತದೆ. ಅದೇ ಕಾರಣಕ್ಕೆ ಕ್ಯೂರಿಂಗಿಗೆ ಕಾಯುವುದನ್ನು "ತಡೆ" ಅಂತಲೂ ಹಾಕುವುದಿಲ್ಲ. ಅದು ಗೊತ್ತಿದ್ದೇ ಇಟ್ಟ ಕಾಯುವಿಕೆ, ಯಾರೂ ಬಿಡಿಸಬೇಕಾಗಿಲ್ಲ.

ಎದುರಿಗಿರುವ 12 ಕೂಡ ಎಲ್ಲರಿಗೂ 12 ಅಲ್ಲ. ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರು, ಘಟ್ಟದ ದಾರಿ. ಹೋಗಿ ಬಂದರೆ ಅರ್ಧ ದಿನ ಅಲ್ಲೇ ಹೋಯಿತು. ಸೈಟ್ ಇಂಜಿನಿಯರ್ ಗೋಕರ್ಣದ ಜೊತೆ ಶಿರಸಿಯ ಕಂಪೌಂಡನ್ನೂ ನೋಡಿಕೊಳ್ಳಬೇಕಿತ್ತು. ಹಾಗಾಗಿ ಅವರ ಹೆಸರಿನ ಎದುರು 12 ಬದಲು 8 ಅಂತ ಕೈಯಲ್ಲೇ ಬರೆದೆವು. ಎಂಟು ದಿನಕ್ಕೆ ಎಂಟೂವರೆ ದಿನದ ಕೆಲಸ. ತುಂಬಿದೆ, ಚೆಲ್ಲುತ್ತಿರುವುದು ಅರ್ಧ ದಿನ ಅಷ್ಟೆ.

ಜೋರಾಗಿ ಚೆಲ್ಲುತ್ತಿದ್ದದ್ದು ಎಲೆಕ್ಟ್ರಿಕಲ್ ಸೂಪರ್‌ವೈಸರ್ ಹತ್ತಿರ. ನಾಲ್ಕೇ ಕೆಲಸ, ಆದರೆ ಅದರಲ್ಲಿ ತಡೆ ಇಲ್ಲದ ಮೂರಕ್ಕೇ 13 ದಿನ ಬೇಕಿತ್ತು. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿದ್ದೆ, ತಡೆಯ ಹಿಂದೆ ನಿಂತ ಹೊರೆ ಅಂತ. ಅದರಲ್ಲಿ 6 ದಿನ. ಅಂದರೆ ಮುಂಬೈಯಿಂದ ಉತ್ತರ ಬಂದು ಡ್ರಾಯಿಂಗ್ ಕೈಗೆ ಸಿಕ್ಕ ದಿನ ಅವರ ಮೇಲೆ 12 ದಿನದಲ್ಲಿ 19 ದಿನದ ಕೆಲಸ ಬೀಳುತ್ತದೆ. ಕಟ್ಟ ಒಡೆದು ನೀರು ಬಂದ ಹಾಗೆ. ತಡೆ ಬಿದ್ದ ಕೆಲಸವನ್ನು ಹೊರೆಯಿಂದ ಪೂರ್ತಿ ಬಿಟ್ಟುಬಿಟ್ಟರೆ ಇದು ಕಾಣುವುದಿಲ್ಲ. ಹೊರೆಯೊಳಗೇ ಸೇರಿಸಿದರೆ ಇವತ್ತು ಕೈಯಲ್ಲಿರುವ ಕೆಲಸ ಎಷ್ಟು ಅಂತ ತಿಳಿಯುವುದಿಲ್ಲ. ಎರಡನ್ನೂ ಪಕ್ಕಪಕ್ಕ, ಬೇರೆ ಬೇರೆಯಾಗಿ ಇಡಬೇಕು.

ಮ್ಯಾನೇಜರ್ ಇದನ್ನು ನೋಡಿದ್ದು ಮಂಗಳವಾರ. ಮಾಲೀಕರ ಉತ್ತರ ಇನ್ನೂ ಬಂದಿರಲಿಲ್ಲ. ಅವತ್ತೇ ಅಂಕೋಲಾ ಕಡೆಯ ಇಬ್ಬರು ಎಲೆಕ್ಟ್ರಿಷಿಯನ್ನರಿಗೆ ಫೋನ್ ಮಾಡಿ, ಮುಂದಿನ ವಾರ ಗೋಕರ್ಣಕ್ಕೆ ಬರಲು ಹೇಳಿಟ್ಟರು. ಮೇ ತಿಂಗಳಲ್ಲಿ ಇಲ್ಲಿ ಆಳು ಸಿಗುವುದು ಎಷ್ಟು ಕಷ್ಟ ಅಂತ ಕಟ್ಟಡ ಕಟ್ಟಿಸಿದವರಿಗೆಲ್ಲ ಗೊತ್ತು. ಎಲ್ಲರಿಗೂ ಮಳೆಗೆ ಮುಂಚೆಯೇ ಮುಗಿಯಬೇಕು.

ತಡೆ ಅನ್ನುವ ಅಡಗುತಾಣ

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಮೇ 13ರ ಸೋಮವಾರ ನೋಡಿದರೆ ತಡೆ ಬಿದ್ದ ಕೆಲಸ 14. ಹಿಂದಿನ ವಾರ ನಾಲ್ಕಿತ್ತು.

ಕಾರಣ ಊಹಿಸುವುದು ಕಷ್ಟವಿರಲಿಲ್ಲ. "ತಡೆ" ಅಂತ ಹಾಕಿದರೆ ಗಡುವು ದಾಟಿದ ಪಟ್ಟಿಯಿಂದ ಹೆಸರು ಹೋಗುತ್ತದೆ. "ಆಳು ಕಡಿಮೆ", "ಬಿಸಿಲು ಜಾಸ್ತಿ", "ಬೇರೆ ಸೈಟಿಗೆ ಹೋಗಿದ್ದೆ": ಇವೆಲ್ಲ ತಡೆ ಆಗಿದ್ದವು. ಮ್ಯಾನೇಜರ್ ಜೊತೆ ಕೂತು ಒಂದು ಕಟ್ಟುಪಾಡು ಮಾಡಿದೆವು. I ಕಾಲಂನಲ್ಲಿ ಒಬ್ಬ ಮನುಷ್ಯನ ಹೆಸರು ಇರಬೇಕು, ಆ ಮನುಷ್ಯನನ್ನು ಯಾವತ್ತು ಮತ್ತೆ ಕೇಳುತ್ತೀರಿ ಅಂತ ಹೇಳಬೇಕು. "ಅಂಗಡಿ", "ಸಪ್ಲೈ", "ಮಾಲೀಕರ ಕಡೆಯವರು" ನಡೆಯುವುದಿಲ್ಲ. ತನ್ನ ಹೆಸರನ್ನೇ ಬರೆಯುವಂತಿದ್ದರೆ ಅದು ತಡೆ ಅಲ್ಲ, ಬಾಕಿ. ಹೀಗೆ ನೋಡಿದಾಗ ಹದಿನಾಲ್ಕರಲ್ಲಿ ಐದು ಬಾಕಿಗೆ ವಾಪಸು ಬಂದವು. ಆಳು ಕಡಿಮೆ ಅನ್ನುವುದು ಹೊರೆಯ ಪಟ್ಟಿಯಲ್ಲಿ ಕಾಣಬೇಕಾದ ವಿಷಯ, ಅದನ್ನು ಅಲ್ಲಿ ನೋಡಿದೆವು.

ಮುಗಿದದ್ದನ್ನು ಬರೆಯದ ಆ ನಾಲ್ಕು ಸಾಲಿನ ಸಮಸ್ಯೆಗೆ ಶೀಟಿನಲ್ಲಿ ಉತ್ತರ ಸಿಗಲಿಲ್ಲ. ಸೈಟಿನಲ್ಲಿ ನಿಂತವರು ಸಿಮೆಂಟಿನ ಕೈಯಲ್ಲಿ ಫೋನು ತೆಗೆದು ಡ್ರಾಪ್‌ಡೌನ್ ಒತ್ತುತ್ತಾರೆ ಅಂತ ನಾನು ನಂಬಿದ್ದೇ ತಪ್ಪು. ಈಗ ಸಂಜೆ ಆರಕ್ಕೆ ಮೂರೂ ಸೈಟಿಗೆ ನಾನೇ ಫೋನ್ ಮಾಡುತ್ತೇನೆ. ಒಂದೊಂದಕ್ಕೆ ಐದಾರು ನಿಮಿಷ. ಕೇಳಿದ ದಿನವನ್ನು L ಕಾಲಂನಲ್ಲಿ ಬರೆಯುತ್ತೇನೆ. ಏಳು ದಿನದಿಂದ ಕೇಳದ ಸಾಲು ಬೂದು ಬಣ್ಣಕ್ಕೆ ತಿರುಗುತ್ತದೆ. ಬೂದು ಅಂದರೆ ಆ ಸಾಲಿನಲ್ಲಿ ಬರೆದದ್ದನ್ನು ನಂಬಬೇಡಿ ಅಂತ ಮ್ಯಾನೇಜರಿಗೆ ಹೇಳಿಟ್ಟಿದ್ದೇನೆ.

ಮಳೆ ಬಂದಾಗ

ಜೂನ್ 4ಕ್ಕೆ ಗೋಕರ್ಣದಲ್ಲಿ ಮಳೆ ಹಿಡಿಯಿತು. ಅಷ್ಟರಲ್ಲಿ ಗೆಸ್ಟ್‌ಹೌಸಿನ ಹೊರಪ್ಲಾಸ್ಟರ್ ಮುಗಿದಿತ್ತು. ಒಳಗೆ ಆರು ಕೋಣೆಯ ಪ್ಲಾಸ್ಟರ್ ಆಗಿತ್ತು, ಎರಡು ಕೋಣೆ ಮತ್ತು ಅವುಗಳ ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಉಳಿದಿತ್ತು. ಏಪ್ರಿಲ್‌ನಲ್ಲಿ ಹೋದ ಇಪ್ಪತ್ತಾರು ದಿನದ ಪೂರ್ತಿ ಲೆಕ್ಕ ತೀರಲಿಲ್ಲ. ಆ ಎರಡು ಕೋಣೆಯನ್ನು ಮಳೆಯಲ್ಲೇ, ಫ್ಯಾನು ಹಚ್ಚಿ ಒಣಗಿಸುತ್ತಾ ಜೂನ್ ಕೊನೆಗೆ ಮುಗಿಸಿದೆವು.

ಶೀಟಿನಲ್ಲಿ ಇಲ್ಲದ್ದನ್ನು ಡ್ಯಾಶ್‌ಬೋರ್ಡು ತೋರಿಸುವುದಿಲ್ಲ. ಅಂಕೋಲಾ ಮನೆಯ ಬಾಗಿಲುಗಳ ಕೆಲಸವನ್ನು ಬಡಗಿಗೆ ಬಾಯಲ್ಲಿ ಹೇಳಿದ್ದರು, ಯಾರೂ ಸಾಲು ಬರೆದಿರಲಿಲ್ಲ. ಜೂನ್ 10ರವರೆಗೂ ಅದು ಎಲ್ಲೂ ಕೆಂಪಾಗಲಿಲ್ಲ. ಮನೆಯವರು ಬಂದು "ಬಾಗಿಲು ಯಾವಾಗ?" ಅಂತ ಕೇಳಿದಾಗಲೇ ನಮಗೆ ಗೊತ್ತಾದದ್ದು. ಆಮೇಲೆ ಬಾಯಲ್ಲಿ ಹೇಳಿದ ಕೆಲಸಕ್ಕೂ ಅವತ್ತು ಸಂಜೆಯ ಫೋನಿನಲ್ಲಿ ಒಂದು ಸಾಲು ಹುಟ್ಟಬೇಕು ಅಂತ ಮಾಡಿದೆವು.

ಶಿರಸಿ ಕಂಪೌಂಡಿನ ಚಿರೆಕಲ್ಲು ಮಳೆಗೆ ಮುಂಚೆ ಬರಲೇ ಇಲ್ಲ. ಆ ಸಾಲಿನ ಎದುರು ಲಾರಿಯವರ ಹೆಸರಿತ್ತು, ಪ್ರತಿ ಸೋಮವಾರ ಕೇಳಿದ್ದೂ ಇತ್ತು, ಆದರೂ ಕಲ್ಲು ಸಿಗಲಿಲ್ಲ. ಯಾರು ಬಿಡಿಸಬೇಕು ಅಂತ ತಿಳಿದ ಮಾತ್ರಕ್ಕೆ ಅದು ಬಿಡುತ್ತದೆ ಅಂತಲ್ಲ. ಮೇ ಕೊನೆಯಲ್ಲಿ ಮ್ಯಾನೇಜರ್ ಗೋದಾಮಿನವರಿಗೆ ಫೋನ್ ಮಾಡಿ, ಕಂಪೌಂಡು ದಸರಾ ಕಳೆದ ಮೇಲೆ ಅಂತ ಮೊದಲೇ ತಿಳಿಸಿದರು. ಅವರೂ ಒಪ್ಪಿದರು, ಮಳೆಗಾಲಕ್ಕೆ ತಂತಿ ಬೇಲಿ ಹಾಕಿಕೊಂಡರು. ಅಕ್ಟೋಬರ್ ಕೊನೆಯಲ್ಲಿ ಗೋಡೆ ಎದ್ದಿತು. ಶೀಟಿನಲ್ಲಿ ಆ ಸಾಲು ಈಗಲೂ ಇದೆ: ಮೊದಲ ಗಡುವು ಏಪ್ರಿಲ್ 20, ಮುಗಿದದ್ದು ಅಕ್ಟೋಬರ್ 28.